ಕತ್ತರಿಯ ಮೊನೆಯಿಂದ ಹಾರಿದ ಕುದುರೆ

ಕಳೆದ ಚಳಿಗಾಲದ ಒಂದು ಭಾನುವಾರ ಮುಂಬಯಿಯಲ್ಲಿ ನಮ್ಮ ಬಳಗದ ಹತ್ತು ಹನ್ನೆರಡು ಮಂದಿ ಸದಸ್ಯರೊಬ್ಬರ ಮನೆಯಲ್ಲಿ ಕೂಡಿ 1926ರ ಜರ್ಮನ್ ಮೂಕಿಚಿತ್ರವೊಂದನ್ನು ನೋಡಿದೆವು. ಅದರ ಹೆಸರು ‘ರಾಜಕುಮಾರ ಅಹ್ಮದನ ಸಾಹಸಗಳು’. ಅರುವತ್ತೈದು ನಿಮಿಷಗಳ ಈ ಚಿತ್ರದಲ್ಲಿ ಒಬ್ಬ ನಟನೂ ಇಲ್ಲ. ಕಪ್ಪು ಕಾಗದದಿಂದ ಕತ್ತರಿಸಿದ ಮನುಷ್ಯರು, ಕುದುರೆಗಳು, ಭೂತಗಳು, ಅರಮನೆಗಳೇ ಹಿಂಬೆಳಕಿನಲ್ಲಿ ಮಿಸುಕಾಡಿ ‘ಸಾವಿರದೊಂದು ರಾತ್ರಿಗಳ’ ಮಹಾಕಥೆಯನ್ನು ಮತ್ತೊಮ್ಮೆ ಹೇಳುತ್ತವೆ. ಚಿತ್ರ ಮುಗಿದು ದೀಪ ಹಾಕಿದಾಗ ಬಳ್ಳಾರಿ ಸೀಮೆಯ ಹಿರಿಯರೊಬ್ಬರು ಕೇಳಿದರು: “ಇದು ನಮ್ಮ ತೊಗಲುಗೊಂಬೆ ಆಟಾನೇ ಅಲ್ಲೇನ್ರೀ? ನಾವು ಸಣ್ಣವರಿದ್ದಾಗ ಊರ ಮುಂದ ರಾತ್ರಿಯೆಲ್ಲಾ ನೋಡಿದ್ದು ಇದನ್ನೇ. ಇದರಾಗ ಹೊಸಾದೇನೈತಿ?”

ಅಂದು ಹೌದೆಂದವರೂ ಇದ್ದರು, ಅಲ್ಲವೆಂದವರೂ ಇದ್ದರು. ಚಹಾ ಆರುವವರೆಗೆ ವಾದ ನಡೆದು ಎಲ್ಲರೂ ಲೋಕಲ್ ರೈಲು ಹಿಡಿಯಲು ಎದ್ದರು. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದರೆ ಆ ಚಿತ್ರ ಹೇಗೆ ಹುಟ್ಟಿತು, ಅದರ ನೆರಳುಗಳು ಯಾವ ಮೇಜಿನ ಮೇಲೆ, ಯಾವ ಬೆಳಕಿನಲ್ಲಿ ನಡೆದಾಡಿದವು ಎಂಬುದನ್ನು ತುಸು ಸಾವಧಾನವಾಗಿ ನೋಡಬೇಕಾಗುತ್ತದೆ.

ಚಿತ್ರದ ಕರ್ತೃ ಲೋಟೆ ರೈನಿಗರ್. 1899ರಲ್ಲಿ ಬರ್ಲಿನ್ನಿನ ಶಾರ್ಲಟನ್‌ಬುರ್ಗ್‌ನಲ್ಲಿ ಹುಟ್ಟಿದ ಈಕೆಗೆ ಬಾಲ್ಯದಿಂದಲೂ ಕೈಯಲ್ಲಿ ಕತ್ತರಿ ಇರಬೇಕು. ಯುರೋಪಿನಲ್ಲಿ ಕಪ್ಪು ಕಾಗದವನ್ನು ಕತ್ತರಿಸಿ ಮನುಷ್ಯರ ಪಾರ್ಶ್ವಮುಖವನ್ನು ಮೂಡಿಸುವ ಕಲೆ ಹದಿನೆಂಟನೆಯ ಶತಮಾನದಿಂದಲೂ ಜನಪ್ರಿಯವಾಗಿತ್ತು. ತೈಲಚಿತ್ರ ಬರೆಸಿಕೊಳ್ಳುವಷ್ಟು ಹಣವಿಲ್ಲದವರು ಇದರಲ್ಲೇ ತೃಪ್ತಿಪಡುತ್ತಿದ್ದರು. ಅದಕ್ಕೆ ಅಂಟಿಕೊಂಡ ‘ಸಿಲ್ಹೌಟ್’ ಎಂಬ ಹೆಸರು ಕೂಡ ಜಿಪುಣತನಕ್ಕೆ ಹೆಸರಾಗಿದ್ದ ಫ್ರಾನ್ಸಿನ ಒಬ್ಬ ಹಣಕಾಸು ಮಂತ್ರಿಯದು. ರೈನಿಗರ್ ತರುಣಿಯಾಗಿ ಮ್ಯಾಕ್ಸ್ ರೈನ್‌ಹಾರ್ಟ್ ಅವರ ನಾಟಕಶಾಲೆಯನ್ನು ಸೇರಿದರು. ಅಲ್ಲಿ ರಂಗದ ಮಗ್ಗುಲಲ್ಲಿ ನಿಂತು ನಟರ ಭಂಗಿಗಳನ್ನು ಕಾಗದದಲ್ಲಿ ಕತ್ತರಿಸುತ್ತಿದ್ದರು. ಇದನ್ನು ಕಂಡ ನಟ, ನಿರ್ದೇಶಕ ಪೌಲ್ ವೆಗೆನರ್ 1918ರಲ್ಲಿ ತಮ್ಮ ‘ಹ್ಯಾಮೆಲಿನ್ನಿನ ಕಿನ್ನರಿಯವ’ ಚಿತ್ರದ ಶೀರ್ಷಿಕೆಗಳಿಗೆ ನೆರಳುಚಿತ್ರಗಳನ್ನು ಮಾಡಿಸಿದರು. ಆ ಚಿತ್ರದಲ್ಲಿ ಜೀವಂತ ಇಲಿಗಳು ಹೇಳಿದಂತೆ ಕೇಳಲಿಲ್ಲ. ಕಡೆಗೆ ಮರದ ಇಲಿಗಳನ್ನು ಒಂದೊಂದೇ ಚೌಕಟ್ಟಿಗೆ ಸರಿಸಿ ಚಿತ್ರಿಸಬೇಕಾಯಿತು. ಆ ಕೆಲಸದಲ್ಲಿ ರೈನಿಗರ್ ಕೈಯೂ ಇತ್ತು. ನಟರ ಚಲನೆಯನ್ನು ಕಣ್ಣಿನಲ್ಲಿ ಹಿಡಿಯುವುದನ್ನು ನಾಟಕಶಾಲೆ ಕಲಿಸಿತ್ತು. ಆ ಚಲನೆಯನ್ನು ಚೂರುಚೂರಾಗಿ ಒಡೆಯುವುದನ್ನು ಈ ಮರದ ಇಲಿಗಳು ಕಲಿಸಿದವು.

1919ರಿಂದ ಆಕೆ ಕಿರುಚಿತ್ರಗಳನ್ನು ಮಾಡತೊಡಗಿದರು. ದೀರ್ಘ ಚಿತ್ರದ ಅವಕಾಶ ಬಂದದ್ದು ಮಾತ್ರ ವಿಚಿತ್ರ ರೀತಿಯಲ್ಲಿ. 1923ರ ಜರ್ಮನಿಯಲ್ಲಿ ಹಣದ ಬೆಲೆ ಬೆಳಿಗ್ಗೆಗೊಂದು, ಸಂಜೆಗೊಂದು. ಲೂಯಿ ಹಾಗೆನ್ ಎಂಬ ಬ್ಯಾಂಕಿನ ಧಣಿ, ನೋಟುಗಳನ್ನು ನಂಬಲಾಗದೆ ಕಚ್ಚಾ ಫಿಲ್ಮಿನ ಸುರುಳಿಗಳನ್ನು ಕೊಂಡು ಇಟ್ಟುಕೊಂಡಿದ್ದರು. ಅದರಿಂದ ನಿರೀಕ್ಷಿಸಿದ ಲಾಭ ಬರಲಿಲ್ಲ. ಆಗ ಅವರು ರೈನಿಗರ್ ಅವರನ್ನು ಕರೆದು, ಈ ಫಿಲ್ಮನ್ನು ಬಳಸಿ ಒಂದು ಪೂರ್ಣಪ್ರಮಾಣದ ಚಿತ್ರವನ್ನು ಮಾಡಬಲ್ಲಿರಾ ಎಂದು ಕೇಳಿದರು. ನೆರಳುಚಿತ್ರವೆಂದರೆ ಹತ್ತು ನಿಮಿಷದ ತಮಾಷೆ ಎಂದು ಜನ ತಿಳಿದಿದ್ದ ಕಾಲ ಅದು. ಹಣದುಬ್ಬರ ಇಲ್ಲದಿದ್ದರೆ ಈ ಚಿತ್ರವೇ ಇರುತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಪಾಟ್ಸ್‌ಡ್ಯಾಮಿನಲ್ಲಿ ಹಾಗೆನ್ ಮನೆಯ ಮೋಟಾರು ಗ್ಯಾರೇಜಿನ ಮೇಲಿದ್ದ ಅಟ್ಟವೇ ಸ್ಟುಡಿಯೋ ಆಯಿತು. ಪತಿ ಕಾರ್ಲ್ ಕೋಖ್ ಕ್ಯಾಮೆರಾ ಹಿಡಿದರು. ವಾಲ್ಟರ್ ರುಟ್‌ಮನ್, ಬೆರ್ಟೋಲ್ಟ್ ಬಾರ್ಟೋಷ್, ಅಲೆಕ್ಸಾಂಡರ್ ಕಾರ್ಡನ್ ಜೊತೆಗೂಡಿದರು. ಸಂಗೀತ ವೊಲ್ಫ್‌ಗಾಂಗ್ ಝೆಲರ್ ಅವರದು. ಇದೇ ಹೊತ್ತಿಗೆ ಅಮೂರ್ತ ಚಿತ್ರಗಳಿಂದ ಹೆಸರಾಗಿದ್ದ ರುಟ್‌ಮನ್‌ಗೆ ಒಂದು ಸಂಶಯ: ಈ ಜಾದೂಗಾರನ ಕಥೆಗೂ 1923ಕ್ಕೂ ಏನು ಸಂಬಂಧ? ರೈನಿಗರ್ ಉತ್ತರ ಸರಳವಾಗಿತ್ತು. ಸಂಬಂಧವೇನೂ ಇಲ್ಲ, ತಾನು ಈಗ ಬದುಕಿದ್ದೇನೆ, ಅವಕಾಶ ಈಗ ಬಂದಿದೆ, ಅಷ್ಟೇ.

ಇನ್ನು ಆ ಮೇಜು. ನಮ್ಮ ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಬಿಳಿಯ ಪರದೆ ಎದ್ದು ನಿಂತಿರುತ್ತದೆ. ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಗೊಂಬೆಯ ಕಡ್ಡಿ ಹಿಡಿದ ಕಲಾವಿದ. ಆತ ಹಾಡುತ್ತಾನೆ, ಮಾತನಾಡುತ್ತಾನೆ, ಗೊಂಬೆಯನ್ನು ಪರದೆಗೆ ಒತ್ತುತ್ತಾನೆ, ತುಸು ಹಿಂದಕ್ಕೆ ಎಳೆಯುತ್ತಾನೆ. ರೈನಿಗರ್ ಈ ಇಡೀ ರಂಗವನ್ನು ಮಲಗಿಸಿಬಿಟ್ಟರು. ಮೇಜಿನ ನಡುವೆ ಒಂದು ಗಾಜು. ಗಾಜಿನ ಕೆಳಗೆ ದೀಪ. ಗಾಜಿನ ಮೇಲೆ ಬೆಳಕನ್ನು ಹರಡಲು ತೆಳುವಾದ ಅರೆಪಾರದರ್ಶಕ ಕಾಗದ. ಅದರ ಮೇಲೆ ಗೊಂಬೆ. ಅದಕ್ಕೂ ಎತ್ತರದಲ್ಲಿ, ನೇರವಾಗಿ ಕೆಳಗೆ ನೋಡುವ ಕ್ಯಾಮೆರಾ. ಅಟ್ಟದ ಚಾವಣಿ ತಗ್ಗು. ಕ್ಯಾಮೆರಾಕ್ಕೆ ಎತ್ತರ ಸಿಗಬೇಕಾದರೆ ಗಾಜು ನೆಲದ ಹತ್ತಿರಕ್ಕೆ ಇಳಿಯಬೇಕು. ಹೀಗಾಗಿ ಮೂರು ವರ್ಷ ರೈನಿಗರ್ ಮೊಣಕಾಲೂರಿಕೊಂಡೇ ಕೆಲಸ ಮಾಡಿದರು.

ಗೊಂಬೆಯ ತೂಕ ಗಾಜಿನ ಮೇಲೆ ಬಿತ್ತು, ಆದ್ದರಿಂದ ಹಿಡಿಯುವ ಕೈ ಬೇಕಿರಲಿಲ್ಲ. ಕಡ್ಡಿ ಮಾಯವಾಯಿತು, ಕಲಾವಿದ ಪರದೆಯಿಂದ ಮರೆಯಾದ. ಬದಲಿಗೆ ಒಂದು ಹೊಸ ಶಿಸ್ತು ಬಂತು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಬೇಕು, ಕೈ ತೆಗೆಯಬೇಕು, ಒಂದು ಚೌಕಟ್ಟನ್ನು ಚಿತ್ರಿಸಬೇಕು, ಮತ್ತೆ ಸರಿಸಬೇಕು. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚೌಕಟ್ಟು. ಅರುವತ್ತೈದು ನಿಮಿಷಕ್ಕೆ ಲೆಕ್ಕ ಹಾಕಿದರೆ 93,600. ಬಿಸಾಡಿದ ಚೌಕಟ್ಟುಗಳು ಈ ಲೆಕ್ಕದಲ್ಲಿಲ್ಲ. 1923ರಿಂದ 1926ರವರೆಗೆ ನಡೆದದ್ದು ಇದೇ.

ಗೊಂಬೆಗಳ ಒಡಲನ್ನೂ ನೋಡಬೇಕು. ಕಪ್ಪು ರಟ್ಟು, ಕೆಲವೆಡೆ ತೆಳುವಾದ ಸೀಸದ ತಗಡು. ತಲೆ, ಕುತ್ತಿಗೆ, ಎದೆ, ಸೊಂಟ, ತೋಳು, ಮುಂಗೈ, ಬೆರಳು ಎಲ್ಲವೂ ಬೇರೆ ಬೇರೆ ತುಂಡುಗಳು. ಕೀಲುಗಳನ್ನು ಸಣ್ಣ ತಂತಿಯಿಂದ ಕಟ್ಟುವುದು. ಸೀಸ ಏಕೆ? ಬರಿಯ ಕಾಗದ ಹಗುರ. ಉಸಿರಿಗೇ ಅಲುಗುತ್ತದೆ, ಕೆಳಗಿನ ದೀಪದ ಕಾವಿಗೆ ಅಂಚು ಸುರುಳಿಯಾಗುತ್ತದೆ. ಅಂಚು ಒಮ್ಮೆ ಗಾಜಿನಿಂದ ಎದ್ದಿತೆಂದರೆ ರೇಖೆ ಮಸುಕಾಯಿತೆಂದೇ ಅರ್ಥ. ಸೀಸದ ಭಾರ ಕೈಕಾಲನ್ನು ಇಟ್ಟಲ್ಲೇ ಇರಿಸುತ್ತದೆ. ಕೀಲಿನ ಬಿಗಿತವೂ ಹಾಗೆಯೇ ಹದವಾಗಿರಬೇಕು. ತೀರ ಸಡಿಲವಾದರೆ ತೋಳನ್ನು ಸರಿಸಿದಾಗ ಬೆರಳು ತಾನಾಗಿ ಜಾರುತ್ತದೆ. ತೀರ ಬಿಗಿಯಾದರೆ ಬೆರಳನ್ನು ಸರಿಸಹೋದಾಗ ಇಡೀ ಮೈ ತಿರುಗುತ್ತದೆ. ಅದೇ ಪಾತ್ರ ಹತ್ತಿರದಿಂದ ಕಾಣಬೇಕಾದಾಗ ದೊಡ್ಡ ತಲೆ, ದೊಡ್ಡ ಕೈಗಳುಳ್ಳ ಇನ್ನೊಂದು ಗೊಂಬೆ ಬೇಕು. ಏಕೆಂದರೆ ಸಣ್ಣ ಗೊಂಬೆಯ ಸಮೀಪಕ್ಕೆ ಕ್ಯಾಮೆರಾ ತಂದರೆ ಕಾಣುವುದು ಕಣ್ಣಿನ ರೆಪ್ಪೆಯಲ್ಲ, ಕತ್ತರಿಯ ಒರಟು.

ಚಿತ್ರದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದೆಂದು ಕೇಳಿದರೆ ಹಾರುವ ಕುದುರೆಯನ್ನಾಗಲಿ ಬೆಂಕಿಯುಗುಳುವ ಬೆಟ್ಟವನ್ನಾಗಲಿ ನಾವು ತೋರಿಸುವುದಿಲ್ಲ. ನಡಿಗೆಯನ್ನು ತೋರಿಸುತ್ತೇವೆ. ಮನುಷ್ಯ ನಡೆಯುವಾಗ ಊರಿದ ಪಾದ ನೆಲದ ಮೇಲೆ ನಿಂತಲ್ಲೇ ನಿಂತಿರುತ್ತದೆ, ಮೈ ಮುಂದೆ ಸಾಗುತ್ತದೆ. ಗೊಂಬೆಯಲ್ಲಿ ಇದು ತಲೆಕೆಳಗಾಗುತ್ತದೆ. ಮೈಯನ್ನು ಮುಂದೆ ತಳ್ಳಿದರೆ ಅದಕ್ಕೆ ಕಟ್ಟಿದ ಕಾಲೂ ಜೊತೆಗೆ ಬರುತ್ತದೆ. ಹೀಗಾಗಿ ಪ್ರತಿ ಚೌಕಟ್ಟಿನಲ್ಲೂ ಮೈಯನ್ನು ಸರಿಸಿ, ಊರಿದ ಪಾದವನ್ನು ಹಿಂದಿನ ಜಾಗಕ್ಕೇ ಮರಳಿಸಿ, ಮೊಣಕಾಲಿನ ಬಾಗನ್ನು ಅದಕ್ಕೆ ಹೊಂದಿಸಬೇಕು. ಎರಡು ಮಿಲಿಮೀಟರ್ ತಪ್ಪಿದರೂ ಪಾತ್ರ ನಡೆಯುವುದಿಲ್ಲ, ಮಂಜುಗಡ್ಡೆಯ ಮೇಲೆ ಜಾರುತ್ತದೆ. ನೆರಳುಚಿತ್ರದ ಗುಣಮಟ್ಟವನ್ನು ಅಳೆಯಬಯಸುವವರು ಪಾದಗಳನ್ನು ನೋಡಿದರೆ ಸಾಕು. ಅಹ್ಮದನ ಪಾದ ಜಾರುವುದಿಲ್ಲ. ಖಲೀಫನ ಆಸ್ಥಾನದ ಮೆರವಣಿಗೆಗೆ ಝೆಲರ್ ಸಂಗೀತವನ್ನು ಮೊದಲೇ ರಚಿಸಿದ್ದರು. ಆ ಲಯವನ್ನು ಗಡಿಯಾರ ಹಿಡಿದು ಅಳೆದು, ಹೆಜ್ಜೆಗಳನ್ನು ಅದಕ್ಕೆ ಹೊಂದಿಸಲು ಯತ್ನಿಸಿದರು. ಧ್ವನಿಯಿಲ್ಲದ ಕಾಲದಲ್ಲಿ ಹೆಜ್ಜೆಗೆ ತಾಳ ಕಟ್ಟುವ ಈ ಹಟ ನಮಗೆ ಬಹಳ ಹಿಡಿಸಿತು.

ಕಪ್ಪು ನೆರಳಿಗೆ ಮುಖವಿಲ್ಲ. ಕಣ್ಣು ಹೊಳೆಯುವುದಿಲ್ಲ, ಕೆನ್ನೆ ಕೆಂಪಾಗುವುದಿಲ್ಲ. ನಾಚಿಕೆಯನ್ನು ಕುತ್ತಿಗೆಯ ಬಾಗಿನಲ್ಲಿ, ಭಯವನ್ನು ಬೆರಳುಗಳ ಹರಡುವಿಕೆಯಲ್ಲಿ ಹೇಳಬೇಕು. ಇಲ್ಲಿಯೇ ತೊಗಲುಗೊಂಬೆಯ ದಾರಿ ಬೇರೆ. ನಮ್ಮ ಕಲಾವಿದರು ಆಡಿನ ತೊಗಲನ್ನು ಬೆಳಕು ತೂರುವಷ್ಟು ತೆಳುವಾಗುವಂತೆ ಹದಮಾಡಿ, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಪರದೆಯ ಮೇಲೆ ಬೀಳುವುದು ನೆರಳಲ್ಲ, ಬಣ್ಣದ ಬೆಳಕು. ರಾವಣನ ಕಣ್ಣು ಕೆಂಪಾಗಿ ಉರಿಯುತ್ತದೆ, ಆಭರಣದ ರಂಧ್ರಗಳಿಂದ ದೀಪ ಮಿನುಗುತ್ತದೆ. ಎಷ್ಟೋ ರಾಜ ಗೊಂಬೆಗಳು ಸಿಂಹಾಸನ, ಪರಿವಾರಗಳೊಡನೆ ಒಂದೇ ತೊಗಲಿನ ಹಾಳೆಯಲ್ಲಿ ಕೂತಿರುತ್ತವೆ. ಅವುಗಳಿಗೆ ಕೀಲುಗಳೂ ಕಡಿಮೆ. ಚಲನೆಯ ಕೊರತೆಯನ್ನು ಬಣ್ಣ, ಮಾತು, ಹಾಡುಗಳು ತುಂಬುತ್ತವೆ. ರೈನಿಗರ್ ಬಳಿ ಈ ಮೂರೂ ಇರಲಿಲ್ಲ. ಇದ್ದದ್ದು ಅಂಚುರೇಖೆ ಮತ್ತು ಕೀಲು. ಆದ್ದರಿಂದಲೇ ಆಕೆಯ ಗೊಂಬೆಗಳಿಗೆ ಅಷ್ಟೊಂದು ಕೀಲುಗಳು.

ಅಂಚುರೇಖೆಯನ್ನೇ ನಂಬಿದವರು ಒಂದು ಅಪಾಯವನ್ನೂ ಎದುರಿಸಬೇಕಾಗುತ್ತದೆ. ಪಾತ್ರವನ್ನು ಕಂಡೊಡನೆ ಗುರುತಿಸಬೇಕಾದರೆ ಮೂಗು, ತುಟಿ, ಗಡ್ಡ, ಬೆನ್ನುಗಳನ್ನು ಉತ್ಪ್ರೇಕ್ಷಿಸಬೇಕು. ಉತ್ಪ್ರೇಕ್ಷೆ ಸುಲಭವಾಗಿ ಜನಾಂಗದ ಅಣಕವಾಗುತ್ತದೆ. ಈ ಚಿತ್ರದ ಖಳ ‘ಆಫ್ರಿಕದ ಜಾದೂಗಾರ’. ಅವನ ಕೊಕ್ಕೆಬೆರಳುಗಳು, ಕೊಂಕು ಬೆನ್ನು, ಚೀನಾದ ಚಕ್ರವರ್ತಿಯ ದಡೂತಿತನ ಇವೆಲ್ಲ ಆ ಕಾಲದ ಯುರೋಪು ಪೂರ್ವದೇಶಗಳನ್ನು ಕಂಡ ಬಗೆ. ಚಿತ್ರದ ಅಂದವನ್ನು ಹೊಗಳುವವರು ಇದನ್ನು ಮರೆಮಾಚುವುದು ನಮಗೆ ಸರಿಕಾಣದು. ಕರಕುಶಲತೆಯ ತುದಿಯಲ್ಲೇ ಪೂರ್ವಗ್ರಹ ಕುಳಿತಿದೆ. ಕತ್ತರಿ ಚುರುಕಾದಷ್ಟೂ ಅದೂ ಚುರುಕಾಗಿದೆ.

ಈಗ ಪದರಗಳ ಮಾತು. ಗಾಜಿನ ಮೇಲೆ ಎಲ್ಲವೂ ಚಪ್ಪಟೆ. ಬಾಗ್ದಾದಿನ ಗೋಪುರದ ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಆಕಾಶ ಎಂಬ ದೂರವನ್ನು ತರುವುದು ಹೇಗೆ? ಮೊದಲ ಉಪಾಯ ತೆಳು ಕಾಗದದ ಎಣಿಕೆಯದು. ಒಂದು ಹಾಳೆ ತೆಳು ಕಾಗದದ ಮೂಲಕ ಬೆಳಕು ಧಾರಾಳವಾಗಿ ಬರುತ್ತದೆ. ಅದರ ಮೇಲೆ ಇನ್ನೊಂದನ್ನಿಟ್ಟರೆ ತುಸು ಮಬ್ಬು, ಮೂರನೆಯದಕ್ಕೆ ಇನ್ನಷ್ಟು ಮಬ್ಬು. ದೂರದ ಬೆಟ್ಟವನ್ನು ಒಂದು ಪದರದಲ್ಲಿ, ನಡುವಿನದನ್ನು ಎರಡರಲ್ಲಿ, ಹತ್ತಿರದ್ದನ್ನು ಮೂರು ನಾಲ್ಕರಲ್ಲಿ ಕತ್ತರಿಸಿ ಒಂದರ ಮೇಲೊಂದು ಹಾಸಿದರೆ ಮುಂಜಾನೆಯ ಮಂಜಿನಲ್ಲಿ ಸಹ್ಯಾದ್ರಿಯ ಸಾಲು ಕಂಡಂತೆ ಕಾಣುತ್ತದೆ. ಬಣ್ಣದ ಕುಂಚ ಎಲ್ಲೂ ತಾಗಿಲ್ಲ, ಬೆಳಕನ್ನು ತಡೆದ ಪ್ರಮಾಣವೇ ಇಲ್ಲಿ ದೂರವಾಗಿದೆ. ನಕ್ಷತ್ರಗಳಿರುವ ರಾತ್ರಿ ಬೇಕೆಂದರೆ ಕಪ್ಪು ರಟ್ಟಿಗೆ ಸೂಜಿಯಿಂದ ಚುಚ್ಚಿದರಾಯಿತು.

ಎರಡನೆಯ ಉಪಾಯ ಗಾಜುಗಳನ್ನೇ ಒಂದರ ಕೆಳಗೊಂದು ಅಂತರವಿಟ್ಟು ಜೋಡಿಸುವುದು. ಮೇಲಿನ ಗಾಜಿನಲ್ಲಿ ಗೊಂಬೆ, ಕೆಳಗಿನದರಲ್ಲಿ ಹಿನ್ನೆಲೆ. ಕ್ಯಾಮೆರಾ ಮೇಲಿನದನ್ನು ಸ್ಪಷ್ಟವಾಗಿ ಹಿಡಿದಾಗ ಕೆಳಗಿನದು ತಾನಾಗಿ ಮೃದುವಾಗುತ್ತದೆ. ಎರಡನ್ನೂ ಬೇರೆ ಬೇರೆ ವೇಗದಲ್ಲಿ ಸರಿಸಬಹುದು. ಓಡುವ ರೈಲಿನ ಕಿಟಕಿಯಲ್ಲಿ ಹತ್ತಿರದ ಕಂಬ ಸರ್ರನೆ ಹಿಂದಕ್ಕೆ ಹೋಗಿ, ದೂರದ ಗುಡ್ಡ ನಮ್ಮೊಡನೆಯೇ ಬರುವಂತೆ ಕಾಣುತ್ತದಲ್ಲ, ಅದೇ ಇಲ್ಲಿಯೂ. ಹತ್ತಿರದ ಪದರವನ್ನು ಚೌಕಟ್ಟಿಗೆ ಆರು ಮಿಲಿಮೀಟರ್ ಸರಿಸಿದರೆ ದೂರದ್ದನ್ನು ಒಂದೇ ಮಿಲಿಮೀಟರ್ ಸರಿಸಿದರೆ ಸಾಕು, ನೋಡುವವರ ಕಣ್ಣು ಉಳಿದ ದೂರವನ್ನು ತಾನೇ ತುಂಬಿಕೊಳ್ಳುತ್ತದೆ. ಇದರ ಬೆಲೆ ಮಾತ್ರ ಕಡಿಮೆಯಲ್ಲ. ಪ್ರತಿ ಗಾಜೂ ಬೆಳಕನ್ನು ತುಸು ಕುಡಿಯುತ್ತದೆ. ಪ್ರತಿ ಗಾಜಿನ ಮೇಲೂ ಧೂಳು ಕೂರುತ್ತದೆ, ಅದು ಪರದೆಯ ಮೇಲೆ ಕುಣಿಯುವ ಚುಕ್ಕೆಯಾಗಿ ಕಾಣುತ್ತದೆ. ಡಿಸ್ನಿಯವರ ಹೆಸರಾಂತ ಬಹುಪದರ ಕ್ಯಾಮೆರಾ 1937ರ ‘ದಿ ಓಲ್ಡ್ ಮಿಲ್’ ಚಿತ್ರದಲ್ಲಿ ಬಳಕೆಗೆ ಬಂತು. ಆ ಕ್ಯಾಮೆರಾ ಯಂತ್ರವಾಗಿ ಬೃಹತ್ತಾದದ್ದು ನಿಜ. ಆದರೆ ಪದರಗಳನ್ನು ಬೇರ್ಪಡಿಸಿ ದೂರವನ್ನು ಹುಟ್ಟಿಸುವ ವಿಚಾರ ಅದಕ್ಕೂ ಹತ್ತು ವರ್ಷ ಮುಂಚೆಯೇ ಪಾಟ್ಸ್‌ಡ್ಯಾಮಿನ ಅಟ್ಟದಲ್ಲಿ ಬಡಗಿಯ ಮರದ ಚೌಕಟ್ಟಿನಲ್ಲಿ ಕೆಲಸ ಮಾಡಿತ್ತು.

ಸಹಾಯಕರ ಕೈಗಳೂ ಇಲ್ಲಿ ಎದ್ದುಕಾಣುತ್ತವೆ. ಬಿರುಗಾಳಿಯ ಸಮುದ್ರದ ಅಲೆಗಳನ್ನು ಕತ್ತರಿಸಿ ಕುಣಿಸಿದವರು ಬಾರ್ಟೋಷ್. ಬೆಂಕಿ, ಜ್ವಾಲಾಮುಖಿ, ಒಳ್ಳೆಯ ಮತ್ತು ಕೆಟ್ಟ ಭೂತಗಳ ಕಾಳಗದ ಹೊಗೆಯಂಥ ಆಕಾರಗಳು ರುಟ್‌ಮನ್ ಅವರವು. ಆಸ್ಕರ್ ಫಿಶಿಂಗರ್ ರೂಪಿಸಿದ ಮೇಣ ಕೊಯ್ಯುವ ಯಂತ್ರವನ್ನು ಅವರು ಬಳಸಿದರು. ಬಣ್ಣ ಬೆರೆಸಿದ ಮೇಣದ ಗಡ್ಡೆಯನ್ನು ಒಂದೊಂದೇ ತೆಳು ಹೋಳಾಗಿ ಕೊಯ್ದು, ಪ್ರತಿ ಕೊಯ್ತದ ನಂತರ ಉಳಿದ ಮುಖವನ್ನು ಚಿತ್ರಿಸಿದರೆ ಒಳಗಿನ ಆಕಾರ ಪರದೆಯ ಮೇಲೆ ಅರಳಿದಂತೆ ಕಾಣುತ್ತದೆ. ಕೀಲುಗೊಂಬೆ ಮಾಡಲಾರದ ಕೆಲಸ ಇದು. ಅಂಚೇ ಇಲ್ಲದ ವಸ್ತುವಿಗೆ ಕತ್ತರಿ ಏನು ಮಾಡೀತು?

ಮಹಾಕಥೆಗಳಲ್ಲಿ ಇದನ್ನೇ ಏಕೆ ಆರಿಸಿಕೊಂಡರೆಂಬುದು ಈ ಹಂತದಲ್ಲಿ ತಾನಾಗಿ ತಿಳಿಯುತ್ತದೆ. ಜಾದೂಗಾರನ ಮಾತಿಗೆ ಮರುಳಾಗಿ ಅಹ್ಮದ್ ಹಾರುವ ಕುದುರೆಯೇರುತ್ತಾನೆ. ಮೇಲೇರುವ ಉಪಾಯ ಗೊತ್ತು, ಇಳಿಯುವುದು ಗೊತ್ತಿಲ್ಲ. ಹೇಗೋ ಇಳಿದಾಗ ವಾಕ್‌ವಾಕ್ ದ್ವೀಪದಲ್ಲಿ ಗರಿಯುಡುಗೆ ತೊಟ್ಟು ಹಾರಿಬರುವ ಪರೀಬಾನುವನ್ನು ಕಾಣುತ್ತಾನೆ. ಆಕೆಯನ್ನು ಪಡೆದು, ಕಳೆದುಕೊಂಡು, ಬೆಂಕಿಬೆಟ್ಟದ ಮಾಟಗಾತಿಯ ಮತ್ತು ಅಲ್ಲಾದೀನನ ನೆರವಿನಿಂದ ಮರಳಿ ಪಡೆಯುತ್ತಾನೆ. ಕಥೆಯ ಎಲ್ಲ ಘಟನೆಗಳೂ ರೂಪಾಂತರದವು, ಹಾರಾಟದವು. ನಾಟಕದಲ್ಲಿ ಇವನ್ನು ತೋರಿಸಲು ಹಗ್ಗ, ಹೊಗೆ ಬೇಕು. ಇಲ್ಲಿ ಕುದುರೆಗೆ ತೂಕವೇ ಇಲ್ಲ. ಮಾಟಗಾತಿ ಮತ್ತು ಜಾದೂಗಾರರ ಕಾಳಗದ ದೃಶ್ಯವನ್ನೇ ನೋಡಿ. ಒಬ್ಬ ಸಿಂಹವಾದರೆ ಇನ್ನೊಬ್ಬಳು ಹಾವು, ಒಬ್ಬ ಚೇಳಾದರೆ ಇನ್ನೊಬ್ಬಳು ಹುಂಜ. ಒಂದು ಆಕಾರದ ಅಂಚು ಕರಗಿ ಇನ್ನೊಂದರ ಅಂಚಾಗುತ್ತದೆ. ಬಣ್ಣ, ಚರ್ಮ, ಕೂದಲುಗಳಿದ್ದಿದ್ದರೆ ಕಣ್ಣು ತಕರಾರು ತೆಗೆಯುತ್ತಿತ್ತು. ಬರಿಯ ನೆರಳಾದ್ದರಿಂದ ನಂಬುತ್ತದೆ. ನೆರಳು ತನ್ನ ಬಡತನದಿಂದಲೇ ಗೆಲ್ಲುವ ದೃಶ್ಯ ಅದು.

1926ರ ಮೇ 2ರಂದು ಬರ್ಲಿನ್ನಿನ ಫೋಕ್ಸ್‌ಬ್ಯೂನೆ ರಂಗಮಂದಿರದಲ್ಲಿ ಚಿತ್ರ ಮೊದಲ ಬಾರಿ ಪ್ರದರ್ಶನಗೊಂಡಿತು, ಅದೇ ವರ್ಷ ಪ್ಯಾರಿಸ್ಸಿನಲ್ಲೂ ತೆರೆಕಂಡಿತು. ಅರ್ಜೆಂಟೀನಾದ ಕಿರಿನೊ ಕ್ರಿಸ್ಟಿಯಾನಿ 1917ರಲ್ಲೇ ದೀರ್ಘ ಆನಿಮೇಷನ್ ಚಿತ್ರ ಮಾಡಿದ್ದರು, ಆದರೆ ಅದು ಉಳಿಯಲಿಲ್ಲ. ಆದ್ದರಿಂದ ಇಂದು ನಾವು ನೋಡಬಹುದಾದ ದೀರ್ಘ ಆನಿಮೇಷನ್ ಚಿತ್ರಗಳಲ್ಲಿ ಇದೇ ಅತ್ಯಂತ ಹಳೆಯದು. ಉಳಿದದ್ದೂ ಪೂರ್ತಿ ಉಳಿಯಲಿಲ್ಲ. ಮೂಲ ನೆಗೆಟಿವ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಶವಾಯಿತು. ಲಂಡನ್ನಿನಲ್ಲಿ ಉಳಿದಿದ್ದ ಬಣ್ಣ ಹಾಯಿಸಿದ ಒಂದು ನೈಟ್ರೇಟ್ ಪ್ರತಿಯನ್ನು ಆಧರಿಸಿ 1990ರ ದಶಕದ ಕೊನೆಯಲ್ಲಿ ಅದನ್ನು ಪುನರುದ್ಧಾರ ಮಾಡಿದರು. ರಾತ್ರಿಗೆ ನೀಲಿ, ಬೆಂಕಿಗೆ ಕೆಂಪು ಎಂದು ಪ್ರತಿ ದೃಶ್ಯದ ಫಿಲ್ಮನ್ನೇ ಬಣ್ಣದ ನೀರಿನಲ್ಲಿ ಅದ್ದುವುದು ಅಂದಿನ ಕ್ರಮ. ರೈನಿಗರ್ ಮತ್ತು ಕೋಖ್ 1930ರ ದಶಕದಲ್ಲಿ ನಾಝಿ ಜರ್ಮನಿಯನ್ನು ಬಿಟ್ಟು ಊರೂರು ಅಲೆದರು. ಕಡೆಗೆ 1949ರಲ್ಲಿ ಲಂಡನ್ನಿನಲ್ಲಿ ನೆಲೆಸಿದರು. 1950ರ ದಶಕದಲ್ಲಿ ಆಕೆಯ ಕಿರುಚಿತ್ರಗಳನ್ನು ನಿರ್ಮಿಸಿದವರು ಅದೇ ಹಾಗೆನ್ ಅವರ ಮಗ. ಗ್ಯಾರೇಜಿನ ಅಟ್ಟದಲ್ಲಿ ನೆರಳು ಕಂಡು ಬೆಳೆದ ಹುಡುಗ ಅವರು.

ಇಷ್ಟೆಲ್ಲ ಓದಿದ ಮೇಲೂ ಕೈಗೆ ಬಾರದೆ ಒಂದು ವಿಷಯ ಅರ್ಥವಾಗುವುದಿಲ್ಲವೆಂದು ನಮ್ಮಲ್ಲಿ ಕೆಲವರಿಗೆ ಅನ್ನಿಸಿತು. ರಾಜ್ಯೋತ್ಸವದ ಕೂಟಕ್ಕೆಂದು ಹನುಮಂತನ ಸಮುದ್ರಲಂಘನವನ್ನು ಹತ್ತು ಸೆಕೆಂಡಿನಷ್ಟು ಮಾಡಿನೋಡೋಣವೆಂದು ಹೊರಟೆವು. ಊಟದ ಮೇಜಿನ ಗಾಜನ್ನು ಎರಡು ಕುರ್ಚಿಗಳ ಮೇಲಿಟ್ಟು, ಕೆಳಗೆ ಬಲ್ಬು ಹಚ್ಚಿ, ಗಾಜಿನ ಮೇಲೆ ಬಟರ್ ಪೇಪರ್ ಹಾಸಿ, ಮೇಲೆ ಮೊಬೈಲ್ ಫೋನನ್ನು ಕಟ್ಟಿದೆವು. ಸೆಕೆಂಡಿಗೆ ಹನ್ನೆರಡು ಚಿತ್ರದಂತೆ ನೂರಿಪ್ಪತ್ತು ಚಿತ್ರ ಸಾಕು ಎಂದು ಲೆಕ್ಕ. ಹನುಮಂತನನ್ನು ಕಪ್ಪು ರಟ್ಟಿನಲ್ಲಿ ಹದಿಮೂರು ತುಂಡುಗಳಾಗಿ ಕತ್ತರಿಸಿದೆವು, ಅದರಲ್ಲಿ ಐದು ಬಾಲಕ್ಕೇ ಹೋದವು. ಸಮುದ್ರಕ್ಕೆ ಬಟರ್ ಪೇಪರಿನ ಮೂರು ಪಟ್ಟಿಗಳು.

ಮೊದಲ ಸಲ ಓಡಿಸಿ ನೋಡಿದಾಗ ಇಡೀ ಪರದೆ ಉಸಿರಾಡುವಂತೆ ಬೆಳಗಿ ಮಂಕಾಗುತ್ತಿತ್ತು. ಕಾರಣ ಹೊಳೆಯಲು ಒಂದು ಗಂಟೆ ಹಿಡಿಯಿತು. ಹನುಮಂತ ಚೌಕಟ್ಟಿನಲ್ಲಿ ದೊಡ್ಡವನಾದಂತೆ ಬೆಳಕು ಕಡಿಮೆಯಾಗಿ, ಫೋನು ತಾನಾಗಿ ಬೆಳಕನ್ನು ಹೆಚ್ಚಿಸಿಕೊಳ್ಳುತ್ತಿತ್ತು. ಅದನ್ನು ಕಟ್ಟಿಹಾಕಿದೆವು. ಎರಡನೆಯ ಸಲ ಬಾಲದ ದಾರ ಸಡಿಲವಾಗಿ ಬಾಲ ತನ್ನಿಚ್ಛೆಯಂತೆ ಬಳುಕಿತು. ಮೂರನೆಯ ಸಲ ಎಲ್ಲ ಸರಿಯಿತ್ತು, ಆದರೂ ಹನುಮಂತ ಲಿಫ್ಟಿನಲ್ಲಿ ಹೋದಂತೆ ಹೋದ. ಪ್ರತಿ ಚಿತ್ರದಲ್ಲೂ ಅವನನ್ನು ಅಳೆದು ಒಂದೇ ಅಂತರ ಸರಿಸಿದ್ದು ತಪ್ಪಾಗಿತ್ತು. ನೆಗೆಯುವ ಮುನ್ನ ಮೈ ಕುಗ್ಗಬೇಕು, ಅಲ್ಲಿ ಒಂದೊಂದು ಮಿಲಿಮೀಟರ್. ಹಾರಿದೊಡನೆ ಒಮ್ಮೆಗೇ ಹತ್ತು ಹನ್ನೆರಡು. ಆಮೇಲೆ ಮತ್ತೆ ನಿಧಾನ. ನಾಲ್ಕನೆಯ ಸಲ ರಾತ್ರಿ ಹನ್ನೊಂದಾಗಿತ್ತು. ಹತ್ತು ಸೆಕೆಂಡಿನ ಆ ತುಣುಕಿಗೆ ನಮಗೆ ಇಡೀ ಒಂದು ಭಾನುವಾರ ಬೇಕಾಯಿತು. ಬೆನ್ನುನೋವು ಮಂಗಳವಾರದವರೆಗೆ.

ಅದನ್ನು ಕೂಟದಲ್ಲಿ ತೋರಿಸಿದಾಗ ಬಳ್ಳಾರಿಯ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದರು. ಎರಡು ಸಲ ಹಾಕಿಸಿ ನೋಡಿದರು. “ಹಾರೂದು ಛಲೋ ಹಾರ್ತಾನ,” ಎಂದರು. “ಆದ್ರ ನಮ್ಮೂರ ಆಟದಾಗ ಹನುಮಪ್ಪ ಹಾರೂಮುಂದ, ಹಿಂದ ನಿಂತಾಂವ ಕಾಲಿಂದ ಹಲಗಿ ಒದೀತಿದ್ದ. ಧಡ್ ಅಂತ ಸಪ್ಪಳ ಆಗ್ತಿತ್ತು, ನಾವು ಹುಡುಗರು ಎದ್ದು ನಿಂದರತಿದ್ವಿ. ನಿಮ್ಮ ಹನುಮಪ್ಪಗ ಹಲಗಿ ಒದಿಯಾಂವ ಯಾರೂ ಇಲ್ಲ.” ಆಮೇಲೆ ಹತ್ತಿರ ಬಂದು, ಬಾಲದ ಕೀಲನ್ನು ಹೇಗೆ ಕಟ್ಟಿದಿರಿ, ತೋರಿಸಿ ಎಂದು ಕೇಳಿ, ರಟ್ಟಿನ ಹನುಮಂತನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡುತ್ತ ನಿಂತರು.